ಫೋಟೊ ನೋಡಿ ಬೋಲ್ಟಿನ ಅಳತೆ ಹೇಳುವುದು: ಅಂಗಡಿಗೆ ಹೊರಡುವ ಮುನ್ನ ಮಾಡಬೇಕಾದ ಕೆಲಸ

ಅಂಗೈ ಮೇಲೆ ಒಂದು ಬೋಲ್ಟು, ಅದರ ಕೆಳಗೆ ಒಂದೇ ಸಾಲು: ‘ಇದು ಯಾವ ಸೈಜು? ಎಸ್‌.ಪಿ. ರಸ್ತೆಯಲ್ಲಿ ಸಿಗಬಹುದೇ?’ ವಾರಕ್ಕೆ ಒಂದೆರಡಾದರೂ ಇಂಥ ಫೋಟೊ ನನಗೆ ಬರುತ್ತವೆ. ಸಿಗುತ್ತದೆ. ಆದರೆ ಯಾವುದನ್ನು ಕೇಳಬೇಕು ಎಂಬುದನ್ನು ಆ ಫೋಟೊ ನೋಡಿ ನಾನು ಹೇಳಲಾರೆ, ಏಕೆಂದರೆ ಆ ಅಂಗೈ ಎಷ್ಟು ಅಗಲ ಎಂಬುದು ನನಗೆ ತಿಳಿಯದು. ಬನಶಂಕರಿಯಿಂದಲೋ ಯಲಹಂಕದಿಂದಲೋ ಪೇಟೆಗೆ ಹೋಗಿ, ಒಂದು ನಟ್ಟು ಕೊಂಡು, ಮನೆಗೆ ಬಂದು ಹಾಕಿದಾಗ ಅದು ಕೂರದಿದ್ದರೆ ಅರ್ಧ ದಿನ ಹಾಳು. ಬೋಲ್ಟನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು, ನಿಜ. ಆದರೆ ಅದು ಮಂಚದಲ್ಲೋ ಗೇಟಿನಲ್ಲೋ ಸಿಕ್ಕಿಕೊಂಡಿರಬಹುದು, ಊರಿನ ಮನೆಯಲ್ಲಿರಬಹುದು, ಅಥವಾ ಅದನ್ನು ಬಿಚ್ಚಿದರೆ ಇಡೀ ಯಂತ್ರವೇ ಕಳಚಿಕೊಳ್ಳಬಹುದು. ಆಗ ಫೋಟೊ ಒಂದೇ ಗತಿ.

ಫೋಟೊದಿಂದ ಅಳತೆ ಹೇಳಬಹುದು, ಅದನ್ನು ಅಳೆಯಲೆಂದೇ ತೆಗೆದಿದ್ದರೆ. ಇಲ್ಲಿ ಹೇಳುವುದು ಮುಖ್ಯವಾಗಿ ನಟ್ಟು ಹಾಕುವ ಬೋಲ್ಟುಗಳ ಬಗ್ಗೆ. ತುದಿ ಚೂಪಾಗಿದ್ದು ಮರಕ್ಕೆ ಅಥವಾ ತಗಡಿಗೆ ನೇರವಾಗಿ ಕೊರೆದುಕೊಂಡು ಹೋಗುವ ಸ್ಕ್ರೂಗಳಲ್ಲಿ ಇಷ್ಟು ತಲೆನೋವಿಲ್ಲ. ಅವುಗಳಿಗೆ ದಪ್ಪದ ನಂಬರ್ ಮತ್ತು ಉದ್ದ ಹೇಳಿದರೆ ಸಾಕು: 6 ನಂಬರ್ ಎಂದರೆ ಸುಮಾರು 3.5 ಮಿ.ಮೀ., 8 ನಂಬರ್ ಎಂದರೆ ಸುಮಾರು 4.2 ಮಿ.ಮೀ., 10 ನಂಬರ್ ಎಂದರೆ 4.8 ಮಿ.ಮೀ. ನಲ್ಲಿ ಮತ್ತು ಪೈಪಿನ ಥ್ರೆಡ್‌ಗಳ ಲೆಕ್ಕವೇ ಬೇರೆ. ಅರ್ಧ ಇಂಚಿನ ನಲ್ಲಿಯ ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿ.ಮೀ. ಇರುತ್ತದೆ, ಅರ್ಧ ಇಂಚು ಎಂಬುದು ಅಲ್ಲಿ ಬರೀ ಹೆಸರು. ಅದಕ್ಕೆ ಈ ಲೇಖನ ಬಳಸಬೇಡಿ.

ಮೊದಲು ಎರಡೇ ಮಾತು ತಿಳಿದುಕೊಳ್ಳಿ

ಬೋಲ್ಟಿನ ಮೈಸುತ್ತ ಹತ್ತಿಕೊಂಡು ಹೋಗುವ ಏಣನ್ನು ಥ್ರೆಡ್ ಎನ್ನುತ್ತೇವೆ. ಒಂದು ಏಣಿನ ತುದಿಯಿಂದ ಅದರ ಪಕ್ಕದ ಏಣಿನ ತುದಿಗೆ ಇರುವ ದೂರವೇ ಪಿಚ್. ನಟ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಒಂದು ಪಿಚ್‌ನಷ್ಟು ಮುಂದೆ ಹೋಗುತ್ತದೆ. ಮಿಲಿಮೀಟರ್ ಬೋಲ್ಟುಗಳಲ್ಲಿ ಪಿಚ್ಚನ್ನು ನೇರವಾಗಿ ಮಿ.ಮೀ. ನಲ್ಲಿ ಹೇಳುತ್ತಾರೆ. ಇಂಚಿನ ಬೋಲ್ಟುಗಳಲ್ಲಿ ಒಂದು ಇಂಚಿಗೆ ಎಷ್ಟು ಏಣು ಎಂದು ಲೆಕ್ಕ ಹೇಳುತ್ತಾರೆ.

ಇನ್ನೊಂದು ಮಾತು ಸೈಜು. ಎಂ8 ಎಂದರೆ ಏಣಿನ ತುದಿಯಿಂದ ಎದುರು ಬದಿಯ ಏಣಿನ ತುದಿಗೆ ಸುಮಾರು 8 ಮಿ.ಮೀ. ಇರುವ ಬೋಲ್ಟು. ಸುಮಾರು ಎಂದದ್ದು ಬೇಕೆಂದೇ: ನಟ್ಟು ಸಲೀಸಾಗಿ ತಿರುಗಲೆಂದು ಬೋಲ್ಟನ್ನು ಯಾವಾಗಲೂ ತುಸು ಸಣ್ಣದಾಗಿಯೇ ಮಾಡುತ್ತಾರೆ. ಎಂ8 ಬೋಲ್ಟನ್ನು ಅಳೆದರೆ 7.8 ರಿಂದ 7.95 ಬರುವುದೇ ಸರಿ. 7.8 ಬಂತೆಂದು ‘ಇದು ಎಂ8 ಅಲ್ಲ’ ಎಂದುಕೊಳ್ಳಬೇಡಿ.

ತೊಡಕು ಹುಟ್ಟುವುದು ಇಲ್ಲೇ. ನಮ್ಮ ಊರಿನ ಅಂಗಡಿಗಳಲ್ಲಿ ಇಂದಿಗೂ ಮಿಲಿಮೀಟರಿನದು, ಇಂಚಿನದು ಎರಡೂ ಬಗೆಯ ಸರಕು ಅಕ್ಕಪಕ್ಕದ ಡಬ್ಬಿಗಳಲ್ಲಿ ಇರುತ್ತದೆ. 5/16 ಇಂಚು ಎಂದರೆ 7.94 ಮಿ.ಮೀ. ಎಂ8ಕ್ಕೂ ಇದಕ್ಕೂ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ. ಕಣ್ಣಿಗೂ ಕಾಣದು, ಸವೆದ ಬೋಲ್ಟಿನಲ್ಲಿ ದಪ್ಪ ಅಳೆಯುವ ಕ್ಯಾಲಿಪರ್‌ಗೂ ಸಿಗದು. ಆದರೆ ಪಿಚ್ ಬೇರೆ: ಎಂ8ಕ್ಕೆ 1.25 ಮಿ.ಮೀ., 5/16ಕ್ಕೆ ಇಂಚಿಗೆ 18 ಏಣು, ಅಂದರೆ 1.41 ಮಿ.ಮೀ. ಎಂ8 ನಟ್ಟನ್ನು 5/16 ಬೋಲ್ಟಿಗೆ ಹಾಕಿದರೆ ಎರಡು ಸುತ್ತು ಸುಮ್ಮನೆ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ತುಕ್ಕಿನಿಂದ ಬಿಗಿಯಾಗಿದೆ ಎಂದುಕೊಂಡು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಏಣುಗಳು ಒಂದನ್ನೊಂದು ತಿಂದುಹಾಕುತ್ತವೆ. ಆದ್ದರಿಂದ ಫೋಟೊ ತೆಗೆಯುವಾಗ ನಿಮ್ಮ ಕಣ್ಣು ದಪ್ಪದ ಮೇಲಲ್ಲ, ಪಿಚ್ ಮೇಲಿರಲಿ.

ಬೇಕಾಗುವ ವಸ್ತುಗಳು

ಮೊಬೈಲು, ಒಂದು ಬಿಳಿ ಹಾಳೆ, ಮಿಲಿಮೀಟರ್ ಗೆರೆಗಳಿರುವ ಒಂದು ಸ್ಟೀಲ್ ಸ್ಕೇಲು. ಸ್ಕೇಲು ಇಲ್ಲದಿದ್ದರೆ ನಮ್ಮ ಮೆಟ್ರೊ ಕಾರ್ಡು. ಎಟಿಎಂ ಕಾರ್ಡು, ಮೆಟ್ರೊ ಕಾರ್ಡು, ಚಾಲನಾ ಪರವಾನಗಿ ಎಲ್ಲವೂ ಒಂದೇ ಅಂತರರಾಷ್ಟ್ರೀಯ ಅಳತೆಯವು: 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ದಯವಿಟ್ಟು ಬ್ಯಾಂಕಿನ ಕಾರ್ಡನ್ನು ಇಟ್ಟು ಫೋಟೊ ತೆಗೆದು ಊರಿಗೆಲ್ಲ ಕಳುಹಿಸಬೇಡಿ. ಹಾಗೆ ಕಳುಹಿಸಿದವರಿದ್ದಾರೆ. ನಂಬರು ಅಚ್ಚಾಗಿರುವ ಯಾವ ಕಾರ್ಡಾದರೂ ಆ ಭಾಗದ ಮೇಲೆ ಒಂದು ಚೂರು ಕಾಗದ ಅಂಟಿಸಿ.

ನಾಣ್ಯ ಇಡುವುದು ಹಲವರ ಅಭ್ಯಾಸ. ಒಂದು ರೂಪಾಯಿಯನ್ನು ನಂಬಲೇಬೇಡಿ. ಹಳೆಯ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ., 2011ರಲ್ಲಿ ಬಂದದ್ದು ಸುಮಾರು 22, 2019ರ ಸರಣಿಯದು 20. ಮೂರೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಓಡಾಡುತ್ತಿವೆ. ನಾಣ್ಯವೇ ಗತಿಯಾದರೆ ಎರಡು ಬಣ್ಣದ ಹತ್ತು ರೂಪಾಯಿ ಇಡಿ, ಅದು 27 ಮಿ.ಮೀ.

ಹಂತ 1: ಬೋಲ್ಟನ್ನು ಸಿದ್ಧಮಾಡಿ

ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ತುಸು ಸೀಮೆಎಣ್ಣೆ ಹಚ್ಚಿ ಏಣುಗಳ ನಡುವಿನ ತಗ್ಗನ್ನು ಉಜ್ಜಿ, ಬಟ್ಟೆಯಿಂದ ಒರೆಸಿ. ತಗ್ಗಿನಲ್ಲಿ ಕೊಳೆ ತುಂಬಿದ್ದರೆ ಫೋಟೊದಲ್ಲಿ ಏಣುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಬಣ್ಣ ಬಳಿದ ಬೋಲ್ಟಾದರೆ ಬಣ್ಣ ತಾಕದ ಭಾಗವನ್ನು ಹುಡುಕಿ. ಸಾಮಾನ್ಯವಾಗಿ ನಟ್ಟಿನ ಒಳಗೆ ಅಡಗಿದ್ದ ಜಾಗ ಚೆನ್ನಾಗಿ ಉಳಿದಿರುತ್ತದೆ.

ಹಂತ 2: ಅಳೆಯಲು ಯೋಗ್ಯವಾದ ಫೋಟೊ ತೆಗೆಯಿರಿ

ಇದೇ ಕೆಲಸದ ಮುಕ್ಕಾಲು ಭಾಗ, ಇಲ್ಲಿ ಅವಸರ ಬೇಡ.

ಬಿಳಿ ಹಾಳೆಯ ಮೇಲೆ ಬೋಲ್ಟನ್ನು ಮಲಗಿಸಿ. ಸ್ಕೇಲಿನ ಅಂಚನ್ನು ಏಣುಗಳ ಪಕ್ಕಕ್ಕೆ, ಬೋಲ್ಟಿಗೆ ಸಮಾನಾಂತರವಾಗಿ ತಂದಿಡಿ. ಬೋಲ್ಟಿನ ತುದಿಯನ್ನು ಸ್ಕೇಲಿನ ಸೊನ್ನೆಗೆ ಹೊಂದಿಸಬೇಡಿ. ಅನೇಕ ಸ್ಕೇಲುಗಳ ತುದಿ ಸವೆದಿರುತ್ತದೆ, ಪ್ಲಾಸ್ಟಿಕ್ ಸ್ಕೇಲಿನಲ್ಲಂತೂ ಸೊನ್ನೆಯ ಮುಂದೆ ಖಾಲಿ ಜಾಗವೇ ಇರುತ್ತದೆ. 10 ಮಿ.ಮೀ. ಗೆರೆಯಿಂದ ಎಣಿಕೆ ಶುರುವಾಗುವಂತೆ ಇಡಿ.

ಈಗ ಹೆಚ್ಚಿನವರು ತಪ್ಪುವ ಜಾಗ. ಬೋಲ್ಟು ಗುಂಡಗಿದೆ. ನಾವು ಅಳೆಯುವ ಅದರ ಅಂಚು ಹಾಳೆಯ ಮೇಲಿಲ್ಲ, ಬೋಲ್ಟಿನ ಅರ್ಧ ದಪ್ಪದಷ್ಟು ಎತ್ತರದಲ್ಲಿದೆ. ಎಂ8 ಆದರೆ 4 ಮಿ.ಮೀ. ಮೇಲೆ. ಸ್ಕೇಲು ಹಾಳೆಗೆ ಅಂಟಿಕೊಂಡು ಕೆಳಗಿದೆ. ಮೊಬೈಲಿಗೆ ಹತ್ತಿರವಿರುವುದು ದೊಡ್ಡದಾಗಿ ಕಾಣುತ್ತದೆಯಾದ್ದರಿಂದ ಬೋಲ್ಟು ಇರುವುದಕ್ಕಿಂತ ದಪ್ಪನಾಗಿ ಬರುತ್ತದೆ. ಮೊಬೈಲನ್ನು 20 ಸೆಂ.ಮೀ. ದೂರದಲ್ಲಿ ಹಿಡಿದರೆ ಈ ತಪ್ಪು ನೂರಕ್ಕೆ ಎರಡು, ಅರ್ಧ ಮೀಟರಿಗೆ ಏರಿಸಿದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಎರಡು ಕೆಲಸ ಮಾಡಿ: ರಟ್ಟಿನ ಚೂರುಗಳನ್ನು ಮಡಿಸಿ ಸ್ಕೇಲಿನ ಕೆಳಗಿಟ್ಟು ಅದನ್ನು ಬೋಲ್ಟಿನ ನಡುಮಟ್ಟಕ್ಕೆ ಏರಿಸಿ. ಮೊಬೈಲನ್ನು ಅರ್ಧ ಮೀಟರ್ ಮೇಲೆ ಹಿಡಿದು, ಹತ್ತಿರ ಹೋಗುವ ಬದಲು ಎರಡು ಪಟ್ಟು ಝೂಮ್ ಮಾಡಿ. ತೀರ ಹತ್ತಿರದ ವಸ್ತುಗಳಿಗೆಂದು ಈಗಿನ ಮೊಬೈಲುಗಳಲ್ಲಿರುವ ಮ್ಯಾಕ್ರೊ ಸೌಲಭ್ಯ ತಾನಾಗಿಯೇ ಚಾಲೂ ಆಗಿದ್ದರೆ ಅದನ್ನು ನಿಲ್ಲಿಸಿ. ನೋಡಲು ಚೆಂದದ ಫೋಟೊ ಬರುತ್ತದೆ, ಅಳತೆಗೆ ಮಾತ್ರ ಮೋಸ.

ಮೊಬೈಲು ಹಾಳೆಗೆ ಸರಿಯಾಗಿ ನೇರ ಮೇಲಿರಲಿ, ಓರೆಯಾದರೆ ಒಂದು ತುದಿ ಕುಗ್ಗುತ್ತದೆ. ಬೆಳಕು ಕಿಟಕಿಯಿಂದ, ಬೋಲ್ಟಿನ ಉದ್ದಕ್ಕೆ ಹರಿಯುವಂತೆ ಬರಲಿ. ಆಗ ಪ್ರತಿ ಏಣಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ನೆರಳಾಗುತ್ತದೆ, ಎಣಿಸುವುದು ಸುಲಭ. ಫ್ಲ್ಯಾಷ್ ಹಾಕಿದರೆ ಹೊಳಪಿನಲ್ಲಿ ಎಲ್ಲ ಮುಳುಗುತ್ತದೆ.

ಇದೇ ರೀತಿ ತಲೆಯ ಭಾಗವನ್ನು ನೇರ ಮೇಲಿನಿಂದ ಒಂದು ಫೋಟೊ, ಅದು ಕೂರುವ ಜಾಗದ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆಯವರಿಗೆ ಕಳುಹಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿ. ಸಾಧಾರಣ ಫೋಟೊವಾಗಿ ಕಳುಹಿಸಿದರೆ ಅದು ಕುಗ್ಗಿ, ನಮಗೆ ಬೇಕಾದ ಏಣುಗಳೇ ಕಲಸಿಹೋಗುತ್ತವೆ.

ಹಂತ 3: ಪಿಚ್ ಎಣಿಸಿ

ಫೋಟೊವನ್ನು ಹಿಗ್ಗಿಸಿ, ಸ್ಕೇಲಿನ ಕಡೆಗಿರುವ ಅಂಚನ್ನು ಮಾತ್ರ ನೋಡಿ. ಥ್ರೆಡ್ ಸುತ್ತಿಕೊಂಡು ಹೋಗುವುದರಿಂದ ಒಂದು ಬದಿಯ ಏಣು ಎದುರು ಬದಿಯ ತಗ್ಗಿಗೆ ನೇರವಾಗಿ ಬರುತ್ತದೆ. ಎಣಿಸುತ್ತ ಎಣಿಸುತ್ತ ಕಣ್ಣು ಆ ಬದಿಗೆ ಜಾರಿದರೆ ಅರ್ಧ ಪಿಚ್ ಎಡವಟ್ಟಾಗುತ್ತದೆ.

ಒಂದು ಏಣಿನ ತುದಿಯನ್ನು ಸೊನ್ನೆ ಎಂದು ಹಿಡಿಯಿರಿ, ಒಂದು ಎಂದಲ್ಲ. ಮುಂದಿನದು ಒಂದು, ಅದರ ಮುಂದಿನದು ಎರಡು. ಹೀಗೆ ಹತ್ತರವರೆಗೆ ಹೋಗಿ, ಸೊನ್ನೆಯಿಂದ ಹತ್ತಕ್ಕೆ ಎಷ್ಟು ಮಿ.ಮೀ. ಎಂದು ಸ್ಕೇಲಿನಲ್ಲಿ ಓದಿ ಹತ್ತರಿಂದ ಭಾಗಿಸಿ. ಮೊದಲನೆಯದನ್ನೇ ಒಂದು ಎಂದು ಎಣಿಸಿದರೆ ನಿಮ್ಮ ಕೈಗೆ ಸಿಗುವುದು ಒಂಬತ್ತು ಪಿಚ್‌ಗಳ ದೂರ, ಭಾಗಿಸುವುದು ಹತ್ತರಿಂದ. ಹಾಗೆ ಮಾಡಿದರೆ 5/16ರ 1.41 ಎಂಬುದು 1.27 ಆಗುತ್ತದೆ, ಎಂ8ರ 1.25ರ ಪಕ್ಕದಲ್ಲೇ. ಅಷ್ಟು ಪಾಡುಪಟ್ಟು ಕೊನೆಗೆ ತಪ್ಪು ನಟ್ಟನ್ನೇ ತರುತ್ತೀರಿ. ಒಂದೇ ಒಂದು ಪಿಚ್ಚನ್ನು ಅಳೆಯಲು ಹೋಗಬೇಡಿ. ಹತ್ತನ್ನು ಒಟ್ಟಿಗೆ ಅಳೆದಾಗ ಓದಿನ ತಪ್ಪು ಹತ್ತರಲ್ಲಿ ಒಂದಂಶವಾಗುತ್ತದೆ. ಹತ್ತು ಏಣು ಇಲ್ಲದ ಗಿಡ್ಡ ಬೋಲ್ಟಾದರೆ ಇರುವಷ್ಟರಲ್ಲಿ ಮಾಡಿ.

ಮನೆಗಳಲ್ಲಿ ಹೆಚ್ಚಾಗಿ ಸಿಗುವ, ಒಂದಕ್ಕೊಂದು ಗೊಂದಲವಾಗುವ ನಾಲ್ಕು ಜೋಡಿಗಳು ಇವು:

| ಬೋಲ್ಟು | ದಪ್ಪ (ಮಿ.ಮೀ.) | ಹತ್ತು ಪಿಚ್ (ಮಿ.ಮೀ.) |
|---|---|---|
| ಎಂ6 | 6 | 10 |
| 1/4 ಇಂಚು | 6.35 | 12.7 |
| ಎಂ8 | 8 | 12.5 |
| 5/16 ಇಂಚು | 7.94 | 14.1 |
| ಎಂ10 | 10 | 15 |
| 3/8 ಇಂಚು | 9.5 | 15.9 |
| ಎಂ12 | 12 | 17.5 |
| 1/2 ಇಂಚು (ವಿಟ್‌ವರ್ತ್) | 12.7 | 21.2 |

ವಿಟ್‌ವರ್ತ್ ಎಂಬುದು ಬ್ರಿಟನ್ನಿನ ಇಂಚಿನ ಥ್ರೆಡ್. ಪಟ್ಟಿಯಲ್ಲಿರುವವೆಲ್ಲ ಒರಟು ಪಿಚ್ಚಿನವು, ಅಂಗಡಿಯಲ್ಲಿ ಏನೂ ಹೇಳದೆ ಕೇಳಿದರೆ ಕೊಡುವಂಥವು. ವಾಹನ ಮತ್ತು ಯಂತ್ರಗಳಲ್ಲಿ ಏಣುಗಳು ಇನ್ನೂ ಒತ್ತೊತ್ತಾಗಿರುವ ನಯ ಪಿಚ್ಚಿನ ಬೋಲ್ಟುಗಳೂ ಬರುತ್ತವೆ. ಎಂ10ರಲ್ಲಿ 1.25, ಎಂ8ರಲ್ಲಿ 1.0 ಆಗಾಗ ಕಾಣುವ ನಯ ಪಿಚ್ಚುಗಳು. ನಿಮ್ಮ ಅಳತೆ ಪಟ್ಟಿಯ ಯಾವ ಸಾಲಿಗೂ ಹೊಂದದಿದ್ದರೆ ಮೊದಲು ಇವನ್ನು ಅನುಮಾನಿಸಿ, ಎಸ್‌.ಪಿ. ರಸ್ತೆಯ ಬದಲು ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗೆ ಹೋಗಿ.

ಹಂತ 4: ಅನುಪಾತದಿಂದ ತಾಳೆ ನೋಡಿ

ನನಗೆ ತುಂಬ ಇಷ್ಟವಾದ ಹಂತ ಇದು, ಏಕೆಂದರೆ ಸ್ಕೇಲೇ ಇಲ್ಲದ ಫೋಟೊ ಬಂದಾಗಲೂ ಇದು ಕೈಹಿಡಿಯುತ್ತದೆ. ಫೋಟೊವನ್ನು ಪರದೆಯ ಮೇಲೆ ಎಷ್ಟಾದರೂ ಹಿಗ್ಗಿಸಿ. ಪರದೆಗೆ ಸ್ಕೇಲು ಇಟ್ಟು ಬೋಲ್ಟಿನ ದಪ್ಪವನ್ನು ಅಳೆಯಿರಿ, ಅದೇ ಹಿಗ್ಗಿನಲ್ಲಿ ಪಿಚ್ಚನ್ನೂ ಅಳೆಯಿರಿ. ದಪ್ಪವನ್ನು ಪಿಚ್ಚಿನಿಂದ ಭಾಗಿಸಿ. ಎರಡೂ ಒಂದೇ ಬೋಲ್ಟಿನ ಮೇಲೆ, ಒಂದೇ ಎತ್ತರದಲ್ಲಿ ಇರುವುದರಿಂದ ಕ್ಯಾಮೆರಾದ ದೂರ, ಸ್ಕೇಲಿನ ಮಟ್ಟ ಯಾವುದೂ ಈ ಉತ್ತರವನ್ನು ಕೆಡಿಸಲಾರವು.

ಎಂ8ಕ್ಕೆ ಈ ಅನುಪಾತ 6.3 ರಿಂದ 6.4, 5/16ಕ್ಕೆ 5.5 ರಿಂದ 5.6. ಎಂ6ಕ್ಕೆ ಸುಮಾರು 5.9, 1/4 ಇಂಚಿಗೆ 5. ಎಂ10ಕ್ಕೆ 6.6, 3/8ಕ್ಕೆ ಸುಮಾರು 5.9. ಎಂ6 ಮತ್ತು 3/8 ಒಂದೇ ಅನುಪಾತದವಾದರೂ ಒಂದು ಇನ್ನೊಂದಕ್ಕಿಂತ ಒಂದೂವರೆ ಪಟ್ಟು ದಪ್ಪ. ಬೋಲ್ಟನ್ನು ಕೈಯಲ್ಲಿ ಹಿಡಿದವರು ಅವೆರಡನ್ನು ಅದಲುಬದಲು ಮಾಡುವುದಿಲ್ಲ. ಜೋಡಿಯೊಳಗೆ ಯಾವುದು ಎಂಬುದೇ ನಮ್ಮ ಪ್ರಶ್ನೆ, ಅದಕ್ಕೆ ಅನುಪಾತ ಚೊಕ್ಕ ಉತ್ತರ ಕೊಡುತ್ತದೆ.

ಹಂತ 5: ತಲೆಯನ್ನು ನೋಡಿ, ಆದರೆ ನಂಬಬೇಡಿ

ತಲೆಯ ಮೇಲೆ 8.8 ಎಂದು ಅಚ್ಚಾಗಿದ್ದರೆ ಅದು ಸೈಜಲ್ಲ. ‘8.8 ಸೈಜಿನ ಬೋಲ್ಟು ಕೊಡಿ’ ಎಂದು ಕೇಳಿದವರನ್ನು ನೋಡಿದ್ದೇನೆ. ಅದು ಉಕ್ಕಿನ ಬಲದ ಗುರುತು. ಆದರೂ ಅದು ಉಪಯೋಗಕ್ಕೆ ಬರುತ್ತದೆ: ಆ ಬಗೆಯ ಅಂಕಿ ಇದ್ದರೆ ಬೋಲ್ಟು ಮಿಲಿಮೀಟರಿನದು ಎಂದು ಬಹುಮಟ್ಟಿಗೆ ಹೇಳಬಹುದು. ಅಂಕಿಯ ಬದಲು ನಡುವಿನಿಂದ ಹೊರಕ್ಕೆ ಚಾಚಿದ ಮೂರು ಅಥವಾ ಆರು ಗೆರೆಗಳಿದ್ದರೆ ಅದು ಅಮೆರಿಕದ ಇಂಚಿನ ಬೋಲ್ಟು. ಏನೂ ಇಲ್ಲದಿದ್ದರೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಬಲೆ ಸ್ಪ್ಯಾನರಿನ ನಂಬರ್. ಗ್ಯಾರೇಜಿನವರು ‘10 ನಂಬರ್ ಬೋಲ್ಟು’ ಎಂದರೆ ಅನೇಕ ವೇಳೆ 10 ನಂಬರ್ ಸ್ಪ್ಯಾನರ್ ಕೂರುವ ಬೋಲ್ಟು ಎಂದರ್ಥ, ಅಂದರೆ ಎಂ6. ಅದನ್ನು ಕೇಳಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎಂ10 ತಂದವರಿದ್ದಾರೆ. ತಲೆಯಿಂದ ಹಿಂದಕ್ಕೆ ಹೋಗಿ ಸೈಜು ಊಹಿಸುವುದೂ ಅಪಾಯ. ಎಂ8ರ ತಲೆ ಸಾಮಾನ್ಯವಾಗಿ 13 ಮಿ.ಮೀ., ಆದರೆ ಜಪಾನಿ ವಿನ್ಯಾಸದ ವಾಹನಗಳಲ್ಲಿ 12. ಎಂ10ರದು 16, 17 ಅಥವಾ ಜಪಾನಿನದಾದರೆ 14.

ಹಂತ 6: ಉದ್ದ ಮತ್ತು ತಿರುಗುವ ದಿಕ್ಕು

ಆರು ಮೂಲೆಯ ತಲೆಯ ಬೋಲ್ಟಿನ ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ. ಮರದಲ್ಲಿ ಮಟ್ಟವಾಗಿ ಮುಳುಗುವ ಚಪ್ಪಟೆ ತಲೆಯದಾದರೆ ತಲೆಯೂ ಸೇರಿದ ಪೂರ್ತಿ ಉದ್ದ.

ದಿಕ್ಕನ್ನು ನೋಡಲು ಬೋಲ್ಟನ್ನು ಫೋಟೊದಲ್ಲಿ ನೆಟ್ಟಗೆ ನಿಲ್ಲಿಸಿ. ಏಣುಗಳು ಎಡದಿಂದ ಬಲಕ್ಕೆ ಮೇಲೇರುತ್ತಿದ್ದರೆ ಸಾಧಾರಣ ಬಲಸುತ್ತು. ಎಡಕ್ಕೆ ಏರುತ್ತಿದ್ದರೆ ಎಡಸುತ್ತು, ಸೈಕಲ್ಲಿನ ಎಡ ಪೆಡಲಿನಲ್ಲಿ ಇರುವಂತೆ. ಮೊಬೈಲಿನ ಮುಂಬದಿಯ ಕ್ಯಾಮೆರಾದಿಂದ ಫೋಟೊ ತೆಗೆದರೆ ಕೆಲವು ಮೊಬೈಲುಗಳು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ, ಬಲ ಎಡವಾಗುತ್ತದೆ. ಸ್ಕೇಲಿನ ಅಂಕಿಗಳು ನೇರವಾಗಿ ಓದಲು ಬರುತ್ತವೆಯೇ ನೋಡಿಕೊಂಡರೆ ಸಾಕು.

ಒಂದು ಉದಾಹರಣೆ: ತೇಗದ ಮಂಚದ ಬೋಲ್ಟು

ಜಯನಗರದ ಓದುಗರೊಬ್ಬರು ಮನೆ ಬದಲಾಯಿಸುವಾಗ ಅಜ್ಜನ ಕಾಲದ ತೇಗದ ಮಂಚವನ್ನು ಬಿಚ್ಚಿದ್ದಾರೆ. ಬೋಲ್ಟುಗಳು ಮರದಲ್ಲೇ ಉಳಿದಿವೆ, ನಟ್ಟುಗಳ ಪೊಟ್ಟಣ ಮಾತ್ರ ಕಳೆದುಹೋಗಿದೆ. ಹತ್ತಿರದ ಅಂಗಡಿಯಲ್ಲಿ ‘8 ಎಂ.ಎಂ. ನಟ್ಟು’ ಎಂದು ಕೇಳಿ ತಂದಿದ್ದಾರೆ. ಎರಡು ಸುತ್ತು ಹೋಗಿ ನಿಂತಿದೆ, ಸ್ಪ್ಯಾನರ್ ಹಾಕಿದ್ದಾರೆ, ಇನ್ನೊಂದು ಸುತ್ತು ಕಿರುಗುಟ್ಟುತ್ತ ಹೋಗಿದೆ. ಅಲ್ಲಿಗೆ ನನಗೆ ಫೋಟೊ ಬಂತು. ಸ್ಕೇಲು ಸಿಗದೆ ಮೆಟ್ರೊ ಕಾರ್ಡನ್ನು ಇಟ್ಟು, ಒಂದು ಬೋಲ್ಟನ್ನು ಹೊರತೆಗೆದು ಪಕ್ಕದಲ್ಲಿ ಮಲಗಿಸಿದ್ದರು.

ಫೋಟೊವನ್ನು ಕಂಪ್ಯೂಟರಿನ ಪೇಂಟ್ ತಂತ್ರಾಂಶದಲ್ಲಿ ತೆರೆದೆ. ಅದರಲ್ಲಿ ಒಂದು ಭಾಗವನ್ನು ಆಯ್ದುಕೊಂಡರೆ ಅದು ಎಷ್ಟು ಪಿಕ್ಸೆಲ್ ಎಂದು, ಅಂದರೆ ಚಿತ್ರದ ಎಷ್ಟು ಚುಕ್ಕೆ ಎಂದು, ಕೆಳಗಿನ ಪಟ್ಟಿಯಲ್ಲಿ ಕಾಣಿಸುತ್ತದೆ. ಕಾರ್ಡಿನ ಉದ್ದ 1455 ಪಿಕ್ಸೆಲ್. 85.6ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 17 ಪಿಕ್ಸೆಲ್. ಬೋಲ್ಟಿನ ದಪ್ಪ 133 ಪಿಕ್ಸೆಲ್, ಅಂದರೆ 7.8 ಮಿ.ಮೀ. ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಎಂ8 ಎಂದೇ ಹೇಳುತ್ತಿದ್ದೆ.

ಬೋಲ್ಟಿನ ತುದಿಯಲ್ಲಿ ಮೂರು ಏಣುಗಳು ಉಳಿದವುಗಳಿಗಿಂತ ಹೆಚ್ಚು ಹೊಳೆಯುತ್ತಿದ್ದವು, ನೆತ್ತಿ ಚಪ್ಪಟೆಯಾಗಿತ್ತು. ಆ ತಪ್ಪು ನಟ್ಟು ಕೆರೆದ ಗುರುತು ಅದು. ಅವನ್ನು ಬಿಟ್ಟು ಮುಂದಿನ ಏಣಿನಿಂದ ಎಣಿಸಿದೆ. ಸೊನ್ನೆಯಿಂದ ಹತ್ತಕ್ಕೆ 240 ಪಿಕ್ಸೆಲ್, ಅಂದರೆ 14.1 ಮಿ.ಮೀ. ಪಿಚ್ 1.41. ಒಂದು ಇಂಚಿನ 25.4 ಮಿ.ಮೀ.ಯನ್ನು 1.41ರಿಂದ ಭಾಗಿಸಿದರೆ 18 ಏಣು. ಎಂ8 ಆಗಿದ್ದರೆ ಹತ್ತು ಪಿಚ್ಚಿಗೆ 212 ಪಿಕ್ಸೆಲ್ಲಿನ ಆಸುಪಾಸು ಬರಬೇಕಿತ್ತು. ಕಾರ್ಡನ್ನು ಎತ್ತರಿಸಿ ಇಡದ ಕಾರಣಕ್ಕೆ ಒಂದಿಷ್ಟು ತಪ್ಪು ಇರಬಹುದೆಂದು ಅನುಪಾತವನ್ನೂ ನೋಡಿದೆ: 133ನ್ನು 24ರಿಂದ ಭಾಗಿಸಿದರೆ 5.5. ಎಂ8ರ 6.3ಕ್ಕೆ ಹತ್ತಿರವೂ ಇಲ್ಲ. ತಲೆಯ ಕೆಳಗಿನ ಉದ್ದ 1080 ಪಿಕ್ಸೆಲ್, ಅಂದರೆ 63.5 ಮಿ.ಮೀ., ಸರಿಯಾಗಿ ಎರಡೂವರೆ ಇಂಚು. ಉದ್ದವೂ ಇಂಚಿನಲ್ಲೇ ತುಂಡಾಗಿ ಬಂದದ್ದು ಇನ್ನೊಂದು ಸಾಕ್ಷಿ. 5/16 ಇಂಚು, ಇಂಚಿಗೆ 18 ಏಣು, ಎರಡೂವರೆ ಇಂಚು ಉದ್ದ.

ಫೋಟೊ ಹೇಳಲಾರದ್ದು

ಇಂಚಿನ ಬೋಲ್ಟುಗಳಲ್ಲೇ ಎರಡು ಮನೆತನಗಳಿವೆ. ಬ್ರಿಟನ್ನಿನ ವಿಟ್‌ವರ್ತ್ ಥ್ರೆಡ್ಡಿನ ಏಣಿನ ಕೋನ 55 ಡಿಗ್ರಿ, ಅಮೆರಿಕದ ಥ್ರೆಡ್ಡಿನದು 60. 5/16ರಲ್ಲಿ ಎರಡಕ್ಕೂ ಇಂಚಿಗೆ 18 ಏಣೇ ಆದ್ದರಿಂದ ಯಾವ ಫೋಟೊದಿಂದಲೂ ಅವನ್ನು ಬೇರೆ ಮಾಡಲಾಗದು. ಅದೃಷ್ಟಕ್ಕೆ 1/4, 5/16, 3/8ರಲ್ಲಿ ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಸಾಮಾನ್ಯವಾಗಿ ಕೂರುತ್ತದೆ, ಮಂಚಕ್ಕೆ ಅಷ್ಟು ಸಾಕು. ಅರ್ಧ ಇಂಚಿನಲ್ಲಿ ಮಾತ್ರ ಹುಷಾರು: ವಿಟ್‌ವರ್ತಿಗೆ 12 ಏಣು, ಅಮೆರಿಕದ್ದಕ್ಕೆ 13, ಕೂರುವುದಿಲ್ಲ. ಭಾರತದಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬಂದದ್ದು 1958ರಿಂದ. ಅದಕ್ಕೂ ಹಿಂದಿನ ಪೀಠೋಪಕರಣ, ಗೇಟು, ಪಂಪುಗಳಾದರೆ ಮೊದಲು ವಿಟ್‌ವರ್ತ್ ಎಂದೇ ಊಹಿಸಿ.

5 ಮಿ.ಮೀ.ಗಿಂತ ಸಣ್ಣ ಸ್ಕ್ರೂಗಳಲ್ಲೂ ಫೋಟೊ ಸೋಲುತ್ತದೆ. ಎಂ5ರ ಪಿಚ್ 0.8, ಅದನ್ನೇ ಹೋಲುವ ಅಮೆರಿಕದ 10-32 ಸ್ಕ್ರೂವಿನದು 0.794. ಅಲ್ಲಿ ಸ್ಕ್ರೂವನ್ನೇ ಕೊಂಡೊಯ್ಯಬೇಕು. ಬೋಲ್ಟು ಕಳೆದು ನಟ್ಟು ಮಾತ್ರ ಉಳಿದಿದ್ದರೂ ಹಾಗೆಯೇ. ನಟ್ಟಿನ ತೂತು ಬೋಲ್ಟಿನ ಸೈಜಿಗಿಂತ ಸುಮಾರು ಒಂದು ಪಿಚ್‌ನಷ್ಟು ಸಣ್ಣದಿರುತ್ತದೆ, ಎಂ8 ನಟ್ಟಿನ ತೂತು 6.7ರ ಆಸುಪಾಸು. ಅದನ್ನು ಅಳೆದು ಎಂ6 ಎಂದೋ ಎಂ7 ಎಂದೋ ತಿಳಿಯುವವರು ಬಹಳ. ಒಳಗಿನ ಏಣುಗಳು ಫೋಟೊದಲ್ಲಿ ಎಣಿಸಲು ಸಿಗುವುದಿಲ್ಲ.

ಹಂತ 7: ಅಂಗಡಿಯಲ್ಲಿ

ಹಳೆಯ ಅಂಗಡಿಗಳಲ್ಲಿ ಇಂಚಿನ ಎಂಟನೆಯ ಒಂದು ಭಾಗಕ್ಕೆ ‘ಸೂತ್’ ಎನ್ನುತ್ತಾರೆ. ಎರಡು ಸೂತ್ ಎಂದರೆ 1/4 ಇಂಚು, ಎರಡೂವರೆ ಎಂದರೆ 5/16, ಮೂರು ಎಂದರೆ 3/8. ಕೇಳುವಾಗ ಸೈಜಿನ ಜೊತೆ ಇಂಚಿನದೋ ಮಿಲಿಮೀಟರಿನದೋ ಎಂದು ಬಿಡಿಸಿ ಹೇಳಿ: ‘5/16, ಇಂಚಿನ ಥ್ರೆಡ್, ನಟ್ಟು ಮತ್ತು ವಾಷರ್’. ಬರೀ ‘8 ಎಂ.ಎಂ. ತರಹದ್ದು’ ಎಂದರೆ ಕೈಗೆ ಮೊದಲು ಸಿಕ್ಕ ಡಬ್ಬಿಯಿಂದ ಕೊಡುತ್ತಾರೆ, ಅವರ ತಪ್ಪಲ್ಲ.

ನಟ್ಟು ಕೊಳ್ಳುವಾಗ ಅದೇ ಸೈಜಿನ ಒಂದು ಬೋಲ್ಟನ್ನೂ ಕೊಳ್ಳಿ, ಕೆಲವು ರೂಪಾಯಿಯ ಮಾತು. ಮನೆಯಲ್ಲಿ ಹಳೆಯ ಬೋಲ್ಟಿನ ಏಣುಗಳಿಗೆ ಹೊಸದರ ಏಣುಗಳನ್ನು ಒತ್ತಿ, ಬೆಳಕಿಗೆ ಹಿಡಿಯಿರಿ. ಒಂದರ ಏಣು ಇನ್ನೊಂದರ ತಗ್ಗಿನಲ್ಲಿ ಉದ್ದಕ್ಕೂ ಕೂತು ಬೆಳಕು ನುಸುಳದಿದ್ದರೆ ಎರಡೂ ಒಂದೇ. ಎಂ8ನ್ನು 5/16ಕ್ಕೆ ಒತ್ತಿದರೆ ನಾಲ್ಕನೆಯ ಏಣಿನ ಹೊತ್ತಿಗೆ ಏಣಿನ ಮೇಲೆ ಏಣು ಹತ್ತಿ ನಿಲ್ಲುತ್ತದೆ. ಆಮೇಲೆ ನಟ್ಟನ್ನು ಬೆರಳಿನಿಂದ ಮಾತ್ರ ತಿರುಗಿಸಿ. ಬೆರಳಿಗೆ ಐದು ಸುತ್ತು ಹೋಗದ ನಟ್ಟಿಗೆ ಸ್ಪ್ಯಾನರ್ ಮುಟ್ಟಿಸಬೇಡಿ.

ಜಯನಗರದವರಿಗೆ ಮೂರು ಬೋಲ್ಟುಗಳಲ್ಲಿ ನಟ್ಟು ಸಲೀಸಾಗಿ ಕೂತಿತು. ನಾಲ್ಕನೆಯದರಲ್ಲಿ, ಕೆರೆದುಹೋದ ಆ ಮೂರು ಏಣುಗಳ ಬಳಿ, ಸರಿಯಾದ ನಟ್ಟೂ ತಡೆಯಿತು. ತೆಳ್ಳನೆಯ ತ್ರಿಕೋನದ ಅರವನ್ನು ತಗ್ಗಿನಲ್ಲಿಟ್ಟು, ಥ್ರೆಡ್ ಓಡುವ ಓರೆಯಲ್ಲೇ ಹಗುರವಾಗಿ ನಾಲ್ಕು ಸಲ ಎಳೆದು, ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಹಾಕಿದ ಮೇಲೆ ಅದೂ ಬೆರಳಿಗೆ ತಿರುಗಿತು.